ಟ್ಯಾಬ್ ಅವರದ್ದು, ತೊಂದರೆಯೂ ಅವರದ್ದೇ ಇರಲಿ

ಊರಿನಲ್ಲಿ ಒಬ್ಬರೇ ಇರುವ ಅಪ್ಪ, ಅಮ್ಮ, ದೊಡ್ಡಮ್ಮ, ಸೋದರಮಾವ ಇವರಿಗೆ ನಾವೆಲ್ಲ ಸೇರಿ ಒಂದು ಟ್ಯಾಬ್ ಕೊಡಿಸಿದ್ದೇವೆ. ಯೂಟ್ಯೂಬಿನಲ್ಲಿ ಯಕ್ಷಗಾನ ನೋಡಲಿ, ಮೊಮ್ಮಕ್ಕಳ ಮುಖ ನೋಡಲಿ, ಪೇಪರ್ ಓದಲಿ ಎಂದು. ಕೊಡಿಸಿದ ದಿನ ಫೋಟೊ ತೆಗೆದು ಕುಟುಂಬದ ಗುಂಪಿನಲ್ಲಿ ಹಾಕಿಯೂ ಆಯಿತು. ಆಮೇಲೆ ಒಂದು ದಿನ ಊರಿನಿಂದ ಫೋನು ಬರುತ್ತದೆ. "ಎಂತದೋ ಬಂತು ಮಾರಾಯ, ನಾನು ಎಂತದೋ ಒತ್ತಿದೆ, ಹೋಯ್ತು. ಈಗ ಸರಿ ಇಲ್ಲ." ಈ ಕಡೆಯಿಂದ ನಾವು ಕೇಳುತ್ತೇವೆ: ಏನು ಬಂತು? ಏನು ಬರೆದಿತ್ತು? ಎಲ್ಲಿ ಒತ್ತಿದೆ? ಈಗ ಏನು ಕಾಣ್ತಿದೆ ಸರಿಯಾಗಿ ಹೇಳು. ಮೂರನೇ ಪ್ರಶ್ನೆಯ ಹೊತ್ತಿಗೆ ನಮ್ಮ ದನಿ ಏರಿರುತ್ತದೆ. ಐದನೆಯದಕ್ಕೆ ಆ ಕಡೆಯವರು "ಇರಲಿ ಬಿಡು, ನೀನು ಬಂದಾಗ ನೋಡಿದರಾಯ್ತು" ಎಂದು ಫೋನು ಇಟ್ಟಿರುತ್ತಾರೆ. ಟ್ಯಾಬ್ ಕವರಿನೊಳಗೆ ಹೋಗಿ, ಗಣಪತಿ ಹಬ್ಬದ ತನಕವೋ ದೀಪಾವಳಿಯ ತನಕವೋ ಅಲ್ಲೇ ಮಲಗುತ್ತದೆ.

ಈ ಮಾತುಕತೆ ಮುರಿದು ಬೀಳುವುದಕ್ಕೆ ಹಿರಿಯರ ಮರೆವು ಕಾರಣ ಎಂದು ನಾವು ನಂಬಿಕೊಂಡಿದ್ದೇವೆ. ನನ್ನ ತಕರಾರು ಇರುವುದು ಅಲ್ಲೇ. ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರಿಗೆ, ಕೋರ್ಟಿನ ಕಾಗದಗಳನ್ನು ಸಾಲು ಬಿಡದೆ ಓದಿ ಜಮೀನು ಉಳಿಸಿಕೊಂಡವರಿಗೆ, ಕಂಡದ್ದನ್ನು ವಿವರಿಸುವ ಶಕ್ತಿ ಇದ್ದಕ್ಕಿದ್ದಂತೆ ಹೋಗಿಬಿಡುವುದಿಲ್ಲ. ಪರದೆಯ ಮೇಲಿನ ವಸ್ತುಗಳಿಗೆ ಅವರ ಬಳಿ ಹೆಸರುಗಳಿಲ್ಲ, ಅಷ್ಟೆ. ಮೂಲೆಯ ಮೂರು ಚುಕ್ಕೆಗೆ, ಮೇಲಿನಿಂದ ಇಳಿಯುವ ಪಟ್ಟಿಗೆ, ಅರ್ಧ ಪರದೆ ಮುಚ್ಚಿ ನಿಲ್ಲುವ ಚೌಕಕ್ಕೆ ಏನನ್ನುತ್ತಾರೆ ಎಂದು ನಾವು ಯಾವತ್ತೂ ಅವರಿಗೆ ಹೇಳಿಲ್ಲ. ಅದರ ಮೇಲಿನ ಬರಹ ಇಂಗ್ಲಿಷಿನಲ್ಲಿದೆ. ನೋಡಿದ್ದನ್ನು ಹೇಳಲು ಪದವಿಲ್ಲದ ಮನುಷ್ಯನನ್ನು ಪಾಟೀ ಸವಾಲಿಗೆ ನಿಲ್ಲಿಸಿ, ಉತ್ತರ ಬರದಿದ್ದಾಗ ಸಿಟ್ಟಾಗುವುದು ನಮ್ಮ ಕಾಲದ ಮಕ್ಕಳು ಕಲಿತ ಹೊಸ ಅವಿನಯ.

ಪದ ಇಲ್ಲದ ಕಡೆ ಚಿತ್ರ ಸಾಕು. ಪರದೆ ಇದ್ದ ಹಾಗೇ ಒಂದು ಚಿತ್ರ ತೆಗೆದು ಕಳಿಸಿದರೆ ಹತ್ತು ನಿಮಿಷದ ಜಗಳ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಇದನ್ನು ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಎರಡು. ಒಂದು, "ಅದೆಲ್ಲ ಅವರಿಗೆ ಬರಲ್ಲ ರೀ." ಇನ್ನೊಂದು, "ಅದರ ಬದಲು ನಾನು ಇಲ್ಲಿಂದಲೇ ಅವರ ಟ್ಯಾಬ್ ಆಪರೇಟ್ ಮಾಡೋ ಆ್ಯಪ್ ಹಾಕಿದ್ದೀನಿ." ಎರಡೂ ಉತ್ತರ ತಪ್ಪು. ಎರಡನೆಯದು ಅಪಾಯವೂ ಹೌದು. ಅದನ್ನೇ ಮೊದಲು ನೋಡೋಣ.

ದೂರದಿಂದ ಇನ್ನೊಬ್ಬರ ಪರದೆ ನೋಡುವ, ಅದನ್ನು ನಡೆಸುವ ಆ್ಯಪ್‌ಗಳು ಕಳ್ಳ ಆ್ಯಪ್‌ಗಳೇನಲ್ಲ. ಕಚೇರಿಗಳಲ್ಲಿ ದಿನವೂ ಬಳಸುತ್ತಾರೆ. ಆದರೆ ವಂಚಕರಿಗೂ ಬೇಕಾದದ್ದು ಇವೇ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕು ಇಂಥ ಒಂದು ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುವ ವಿಧಾನದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ ವಿಧಾನದಲ್ಲಿ ವಂಚಕ ಮೊದಲು ಗೆಲ್ಲಬೇಕಾದದ್ದು ಮುದುಕರ ಅನುಮಾನವನ್ನು. "ಈ ಆ್ಯಪ್ ಹಾಕಿ, ಅಲ್ಲಿ ಬರುವ ಅಂಕಿ ನನಗೆ ಓದಿ ಹೇಳಿ, ಬರುವುದಕ್ಕೆಲ್ಲ ಓಕೆ ಒತ್ತಿ, ಮಿಕ್ಕಿದ್ದು ನಾನು ನೋಡಿಕೊಳ್ತೇನೆ" ಎಂದು ಅಪರಿಚಿತನೊಬ್ಬ ಹೇಳಿದಾಗ ಅವರಿಗೆ ಅದು ವಿಚಿತ್ರವಾಗಿ ಕೇಳಬೇಕು. ಅದೇ ಮಾತನ್ನು ಅದೇ ಕ್ರಮದಲ್ಲಿ ಮಗನೇ ಆರು ಸಲ ಹೇಳಿ ಅಭ್ಯಾಸ ಮಾಡಿಸಿದ್ದರೆ ಏಳನೆಯ ಸಲ ಅದು ವಿಚಿತ್ರ ಅನ್ನಿಸುವುದು ಹೇಗೆ? ನಮ್ಮ ಅನುಕೂಲಕ್ಕೆ ಅವರ ಅನುಮಾನವನ್ನು ನಾವೇ ಸವೆಸುತ್ತಿದ್ದೇವೆ.

ಅಪಾಯದ ಮಾತು ಹಾಗಿರಲಿ, ಆ ವ್ಯವಸ್ಥೆಯಲ್ಲಿ ಹಿರಿಯರ ಸ್ಥಾನ ಏನು ಎಂದು ಯೋಚಿಸಿ. ತಮ್ಮ ತೊಡೆಯ ಮೇಲಿನ ಟ್ಯಾಬಿನಲ್ಲಿ ತಾವು ಮುಟ್ಟದೆಯೇ ಪುಟಗಳು ತೆರೆದು ಮುಚ್ಚುತ್ತವೆ. ಐದು ನಿಮಿಷದ ಬಳಿಕ "ಆಯ್ತು ನೋಡು" ಎಂಬ ಮಾತು. ಏನಾಗಿತ್ತು, ಏನು ಮಾಡಿದ್ದು, ಮುಂದೆ ಬಂದರೆ ಏನು ಮಾಡಬೇಕು, ಒಂದೂ ತಿಳಿಯದು. ಚಿತ್ರ ಕಳಿಸುವವರ ಸ್ಥಾನ ಬೇರೆ. ಅಲ್ಲಿ ತೊಂದರೆ ಅವರದ್ದೇ, ತೋರಿಸಬೇಕೋ ಬೇಡವೋ ಎನ್ನುವುದು ಅವರ ತೀರ್ಮಾನ, ಸರಿಪಡಿಸುವ ಬೆರಳೂ ಅವರದ್ದು. ಕಳಿಸಿದ ಒಂದು ಚಿತ್ರದ ಆಚೆ ನಮಗೆ ಏನೂ ಕಾಣುವುದಿಲ್ಲ. ಡಾಕ್ಟರಿಗೆ ನಾಲಿಗೆ ತೋರಿಸುವುದಕ್ಕೂ ಮನೆಯ ಬೀಗದ ಕೈ ಕೊಡುವುದಕ್ಕೂ ಇರುವಷ್ಟೇ ವ್ಯತ್ಯಾಸ.

ಇನ್ನು "ಅವರಿಗೆ ಬರಲ್ಲ" ಎಂಬ ಉತ್ತರ. ಯಾವುದು ಬರುವುದಿಲ್ಲ ಎಂದು ಬಿಡಿಸಿ ನೋಡಿದವರು ಕಡಿಮೆ. ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಎಲ್ಲರೂ ಹೇಳಿಕೊಡುವ ವಿಧಾನ ಪವರ್ ಗುಂಡಿ ಮತ್ತು ದನಿ ಇಳಿಸುವ ಗುಂಡಿಯನ್ನು ಒಟ್ಟಿಗೆ ಒತ್ತುವುದು. ಹತ್ತು ಅಂಗುಲದ ಟ್ಯಾಬ್ ಸುಮಾರು ಅರ್ಧ ಕಿಲೊ ತೂಗುತ್ತದೆ. ಕವರು ಸೇರಿದರೆ ಇನ್ನೂ ಹೆಚ್ಚು. ಅದನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅಂಚಿನಲ್ಲಿರುವ ಎರಡು ಸಣ್ಣ ಗುಂಡಿಗಳನ್ನು ಒಂದೇ ಕ್ಷಣದಲ್ಲಿ ಒತ್ತಿ, ಒಂದೇ ಕ್ಷಣದಲ್ಲಿ ಬಿಡಬೇಕು. ಪವರ್ ಗುಂಡಿ ಕೂದಲೆಳೆಯಷ್ಟು ಮೊದಲಾದರೆ ಪರದೆ ಆರಿಹೋಗುತ್ತದೆ. ದನಿಯ ಗುಂಡಿ ಮೊದಲಾದರೆ ದನಿಯ ಪಟ್ಟಿ ಮೂಡಿ, ತೋರಿಸಬೇಕಾದ್ದನ್ನೇ ಮುಚ್ಚುತ್ತದೆ. ತುಸು ಹೆಚ್ಚು ಹೊತ್ತು ಹಿಡಿದರೆ ಟ್ಯಾಬ್ ಬಂದ್ ಮಾಡಬೇಕೇ ಎಂದು ಕೇಳುತ್ತದೆ. ಇನ್ನೂ ಹಿಡಿದೇ ಇದ್ದರೆ ಕೆಲವು ಟ್ಯಾಬ್‌ಗಳು ತಾವಾಗಿಯೇ ಆರಿ ಮತ್ತೆ ಶುರುವಾಗುತ್ತವೆ. ಟ್ಯಾಬನ್ನು ಅಡ್ಡ ತಿರುಗಿಸಿದರೆ ಗುಂಡಿಗಳ ಜಾಗವೂ ತಿರುಗುತ್ತದೆ. ಹೋದ ಸಲ ಬಲಗಡೆ ಇದ್ದದ್ದು ಈಗ ತಲೆಯ ಮೇಲಿದೆ. ಸಂಧಿವಾತದ ಬೆರಳಿಗೆ, ಸ್ವಲ್ಪ ನಡುಗುವ ಕೈಗೆ ಇದು ಸರ್ಕಸ್ಸು. ಈ ಸರ್ಕಸ್ಸಿನಲ್ಲಿ ಎರಡು ಸಲ ಬಿದ್ದವರನ್ನು ನೋಡಿ "ಬರಲ್ಲ" ಎಂದು ತೀರ್ಪು ಕೊಡುತ್ತೇವೆ. ಬೆರಳಿಗೆ ಬಾರದ್ದನ್ನು ಬುದ್ಧಿಗೆ ಬಾರದ್ದೆಂದು ಬರೆದುಕೊಳ್ಳುತ್ತೇವೆ.

ಬೇರೆ ದಾರಿ ಅದೇ ಟ್ಯಾಬಿನೊಳಗೇ ಇದೆ. ಆದರೆ ಅದನ್ನು ಇಟ್ಟಿರುವ ಜಾಗ ನೋಡಿ ನನಗೆ ತಯಾರಕರ ಮೇಲೂ ಸಿಟ್ಟಿದೆ. `Settings` ಒಳಗೆ `Accessibility` ಎಂಬ ಪುಟವಿದೆ. ಕಣ್ಣು, ಕಿವಿ, ಕೈ ಸೋತವರಿಗಾಗಿ ಇರುವ ಸೌಲಭ್ಯಗಳೆಲ್ಲ ಅಲ್ಲಿವೆ. ಅದರಲ್ಲಿ `Accessibility Menu` ಎಂಬುದನ್ನು ಚಾಲೂ ಮಾಡಿದರೆ ಪರದೆಯ ಅಂಚಿನಲ್ಲಿ ಒಂದು ಗುಂಡಿ ಬಂದು ಕೂರುತ್ತದೆ. ಅದನ್ನು ಮುಟ್ಟಿದರೆ ಚಿತ್ರಗಳಿರುವ ಗುಂಡಿಗಳ ಒಂದು ಹಲಗೆ ತೆರೆಯುತ್ತದೆ. ಅಲ್ಲಿರುವ `Screenshot` ಮುಟ್ಟಿದರೆ ಹಲಗೆ ತಾನಾಗಿ ಮುಚ್ಚಿಕೊಂಡು, ಹಿಂದಿನ ಪರದೆಯ ಚಿತ್ರ ತೆಗೆಯುತ್ತದೆ. ಒತ್ತಡ ಬೇಡ, ಕ್ಷಣ ಹೊಂದಿಸುವುದು ಬೇಡ, ಟ್ಯಾಬನ್ನು ಮೇಜಿನ ಮೇಲಿಟ್ಟು ಒಂದೇ ಬೆರಳಿನಲ್ಲಿ ಮಾಡಬಹುದು. ಆ್ಯಪಲ್‌ನ ಐಪ್ಯಾಡ್‌ನಲ್ಲಿ ಇದೇ ಕೆಲಸಕ್ಕೆ `Accessibility`, ಆಮೇಲೆ `Touch`, ಅದರೊಳಗೆ `AssistiveTouch` ಇದೆ. ಅಲ್ಲಿ ತೇಲುವ ಗುಂಡಿಯ `Single-Tap` ಎದುರು `Screenshot` ಆರಿಸಿಟ್ಟರೆ ಹಲಗೆ ಕೂಡ ಬೇಡ, ಒಂದು ಮುಟ್ಟಿಗೆ ಒಂದು ಚಿತ್ರ. ಎಲ್ಲ ವಯಸ್ಸಿನವರಿಗೂ ಹಿತವಾದ ಈ ವಿಧಾನವನ್ನು ಅಂಗವೈಕಲ್ಯದ ಪುಟದಲ್ಲಿ ಮುಚ್ಚಿದ ಸ್ಥಿತಿಯಲ್ಲಿಟ್ಟು, ಸರ್ಕಸ್ಸನ್ನು ಮಾತ್ರ ಎಲ್ಲರ ಮುಂದಿಟ್ಟಿದ್ದಾರೆ.

ಸಾಗರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ದೊಡ್ಡಮ್ಮನಿಗೆ ಈಗ 78. ನಿವೃತ್ತ ಟೀಚರ್. ಅವಳಿಗೆ ಇದನ್ನು ಕಲಿಸಿದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏಕೆಂದರೆ ಕಲಿಸುವುದು ಎಂದರೆ ಒಂದು ಸಲ ಮಾಡಿ ತೋರಿಸಿ "ಗೊತ್ತಾಯ್ತಲ್ಲ?" ಎಂದು ಕೇಳುವುದು ಎಂದೇ ಬಹಳ ಜನ ತಿಳಿದಿದ್ದಾರೆ.

ಮೊದಲ ದಿನ ಕಳಿಸುವ ಮಾತೇ ಇಲ್ಲ, ಬರೀ ತೆಗೆಯುವುದು. ಹಲಗೆಯ ಗುಂಡಿಗಳನ್ನು ದೊಡ್ಡದು ಮಾಡುವ ಆಯ್ಕೆಯೊಂದು ಅಲ್ಲೇ ಇದೆ. ಮಾಡಿದರೆ ಕಣ್ಣಿಗೆ ಹಿತ, ಆದರೆ ಒಂದು ಪುಟದಲ್ಲಿ ಹಿಡಿಯುವ ಗುಂಡಿಗಳು ಕಡಿಮೆಯಾಗಿ ನಮಗೆ ಬೇಕಾದದ್ದು ಹಿಂದಿನ ಪುಟಕ್ಕೆ ಹೋಗುತ್ತದೆ, ಬೆರಳಿನಿಂದ ಸರಿಸಬೇಕು. ದೊಡ್ಡಮ್ಮ ಎರಡನ್ನೂ ನೋಡಿ ಸಣ್ಣ ಗುಂಡಿಯೇ ಇರಲಿ ಎಂದಳು. ಸರಿಸುವಾಗ ಕೈ ತಪ್ಪಿದರೆ ಬೇರೇನೋ ಒತ್ತಿಬಿಡುವ ಹೆದರಿಕೆ ಅವಳದು. ಆಯ್ಕೆ ಅವಳೇ ಮಾಡಿದ್ದರಿಂದ ಆ ಗುಂಡಿ ಎಲ್ಲಿದೆ ಎಂದು ಮತ್ತೆ ಕೇಳಲಿಲ್ಲ. ಹೆಸರನ್ನೂ ಅವಳೇ ಇಟ್ಟಳು, "ಪರದೆ ಪಟ". ತೆಗೆದ ಪಟ ಗ್ಯಾಲರಿಯಲ್ಲಿ ಎಲ್ಲಿ ಬೀಳುತ್ತದೆ ಎಂದು ಹೋಗಿ ನೋಡಿ ಬಂದೆವು. ಅಂದು ಸಂಜೆಯೊಳಗೆ ಅವಳು ತೆಗೆದ ಪಟ 20ಕ್ಕೂ ಹೆಚ್ಚು. ಎಷ್ಟು ತೆಗೆದರೂ ಏನೂ ಹಾಳಾಗುವುದಿಲ್ಲ ಎಂಬುದು ಬೆರಳಿಗೆ ಗೊತ್ತಾಗುವ ತನಕ ಮುಂದಿನ ಪಾಠ ಶುರುವಾಗಬಾರದು.

ಎರಡನೇ ದಿನ ಕಳಿಸುವುದು. ಪಟ ತೆಗೆದ ಕೂಡಲೇ ಮೂಲೆಯಲ್ಲಿ ಅದರ ಚಿಕ್ಕ ರೂಪ ಬಂದು, ಅಲ್ಲಿಂದಲೇ ಕಳಿಸಬಹುದು. ನಾವೆಲ್ಲ ಹಾಗೇ ಮಾಡುತ್ತೇವೆ. ಆದರೆ ಅದು ಕೆಲವೇ ಸೆಕೆಂಡು ನಿಂತು ಹೋಗುತ್ತದೆ, ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಮಾಯ. ಅದರ ಮೇಲೆ ಬೆರಳು ತಾಗಿದರೆ ಪಟ ಕತ್ತರಿಸುವ ಪುಟ ತೆರೆದುಕೊಂಡು ಇನ್ನೊಂದು ಗೊಂದಲ. ಆದ್ದರಿಂದ ಅದನ್ನು ಕಂಡೂ ಕಾಣದಂತೆ ಬಿಡು ಎಂದೆ. ನಿಧಾನದ ದಾರಿಯೇ ಹಿರಿಯರಿಗೆ ಭದ್ರವಾದ ದಾರಿ: ವಾಟ್ಸಾಪ್ ತೆರೆಯುವುದು, ಎಲ್ಲಕ್ಕಿಂತ ಮೇಲಿರುವ ಹೆಸರು ಮುಟ್ಟುವುದು, ಪೇಪರ್ ಕ್ಲಿಪ್ಪಿನ ಗುರುತು, ಗ್ಯಾಲರಿ, ಮೊದಲ ಪಟ, ಕಳಿಸು. ಮೊದಲ ಪಟವೇ ಯಾವಾಗಲೂ ಹೊಸದು. ಎಲ್ಲಕ್ಕಿಂತ ಮೇಲೆ ಹೆಸರು ನಿಲ್ಲಬೇಕಾದರೆ ಅದನ್ನು ಪಿನ್ ಮಾಡಬೇಕು. ವಾಟ್ಸಾಪ್ ಮೂರು ಹೆಸರಿಗೆ ಅವಕಾಶ ಕೊಡುತ್ತದೆ, ನಾವು ಎರಡನ್ನೇ ಮಾಡಿದೆವು, ನಾನು ಮತ್ತು ಅವಳ ಮಗಳು. ಪಿನ್ ಮಾಡದೆ ಬಿಟ್ಟಲ್ಲಿ ಆಗುವುದೇನು ಎಂದರೆ, ಆ ಕ್ಷಣದಲ್ಲಿ ಯಾರು ಶುಭೋದಯದ ಹೂವು ಕಳಿಸಿದ್ದಾರೋ ಅವರೇ ಮೇಲಿರುತ್ತಾರೆ, ಪಟ ಅವರಿಗೆ ಹೋಗುತ್ತದೆ. ಅಥವಾ ಇಡೀ ಕುಟುಂಬದ ಗುಂಪಿಗೆ ಹೋಗಿ, ನಲವತ್ತು ಜನ ನಲವತ್ತು ಸಲಹೆ ಕೊಡುತ್ತಾರೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ ಪಾಠ, ಅದರಲ್ಲಿ ತಂತ್ರಜ್ಞಾನ ಏನೂ ಇಲ್ಲ. ನಾನು ಬೆಂಗಳೂರಿಗೆ ಬಂದ ಮೇಲೆ ದೊಡ್ಡಮ್ಮ ಕಳಿಸಿದ ಮೊದಲ ಮೂರು ಪಟಗಳಲ್ಲೂ ಇದ್ದದ್ದು ಒಂದೇ: ಹಿನ್ನೆಲೆಯಲ್ಲಿ ಮೊಮ್ಮಗಳು, ಅದರ ಮೇಲೆ ಆ್ಯಪ್‌ಗಳ ಸಾಲು. ತೊಂದರೆ ಎಲ್ಲೂ ಇಲ್ಲ. ಇಂಥ ಪಟ ಬಂದರೆ ಅದು ಖಾಲಿ ಪಟ ಎಂದು ತಳ್ಳಬೇಡಿ, ಅದು ಒಂದು ಸಂಗತಿ ಹೇಳುತ್ತಿದೆ. ಹೆದರಿಕೆ ಹುಟ್ಟಿಸುವಂಥದ್ದು ಕಂಡಾಗ ಮೊದಲು ಮುಚ್ಚಿ, ಆಮೇಲೆ ಪಟ ತೆಗೆದಿದ್ದಾರೆ ಎಂದು ಅರ್ಥ. ಹಾಲು ಉಕ್ಕುವಾಗ ಕೈ ತಾನಾಗಿ ಒಲೆಯತ್ತ ಹೋಗುವಂತೆ ಅವರ ಬೆರಳು ಮೂಲೆಯ ಕತ್ತರಿ ಗುರುತಿನತ್ತ ಹೋಗುತ್ತದೆ. ಅದಕ್ಕೆ ಒಂದೇ ಸೂತ್ರ ಹೇಳಿದೆ: "ಮೊದಲು ಪಟ, ಆಮೇಲೆ ಕೈ." ಅಭ್ಯಾಸಕ್ಕೆ ನಿಜವಾದ ತೊಂದರೆಗಾಗಿ ಕಾಯಬೇಕಿಲ್ಲ. ಏರೋಪ್ಲೇನ್ ಗುರುತು ಒತ್ತಿ ನೆಟ್ ಆರಿಸಿ ಯೂಟ್ಯೂಬ್ ತೆರೆದರೆ, ಸಂಪರ್ಕ ಇಲ್ಲ ಎಂಬ ಪುಟ ಬರುತ್ತದೆ. ಫೋನಿನಲ್ಲಿ ಮಾತಾಡುತ್ತಲೇ ಅದನ್ನು ಅವಳಿಂದ ಮಾಡಿಸಿದೆ. ಪಟ ತೆಗೆಯಲು ನೆಟ್ ಬೇಡ, ಕಳಿಸಲು ಬೇಕು ಎಂಬುದೂ ಅದರಲ್ಲೇ ತಿಳಿಯಿತು. ಮಲೆನಾಡಿನ ಮಳೆಗಾಲದಲ್ಲಿ ನೆಟ್ ಹೋದಾಗಲೇ ತೊಂದರೆಗಳೂ ಬರುವುದು. ತೆಗೆದಿಟ್ಟುಕೊಂಡು, ನೆಟ್ ಬಂದಾಗ ಕಳಿಸಿದರೆ ಸಾಕು ಎಂದು ಗೊತ್ತಾದದ್ದು ಅವಳಿಗೆ ದೊಡ್ಡ ನಿರಾಳ.

ಇದರಿಂದ ಆದ ಉಪಯೋಗ ಏನು ಎಂದರೆ, ಒಂದು ಮಧ್ಯಾಹ್ನದ ಕತೆ ಸಾಕು. "ಟ್ಯಾಬಿಗೆ ನಾಲ್ಕು ವೈರಸ್ ಬಂದಿದೆ, ಬ್ಯಾಟರಿ ಹಾಳಾಗ್ತದೆ ಅಂತ ಬರೆದಿದೆ" ಎಂದು ದೊಡ್ಡಮ್ಮನ ಫೋನು, ಹಿಂದೆಯೇ ಒಂದು ಪಟ. ಮಾತಿನಲ್ಲೇ ಕೇಳಿದ್ದರೆ ನಾನೂ ಟ್ಯಾಬ್ ಆರಿಸಿಡು ಎನ್ನುವುದಕ್ಕಿಂತ ಹೆಚ್ಚು ಹೇಳಲಾಗುತ್ತಿರಲಿಲ್ಲ. ಪಟದಲ್ಲಿ ಮೂರು ವಿಷಯ ಕಂಡವು. ಆ ಬರಹ ಇದ್ದದ್ದು ಮೇಲಿನಿಂದ ಇಳಿಯುವ ಸೂಚನೆಗಳ ಪಟ್ಟಿಯಲ್ಲಿ. ಅದರ ಪಕ್ಕ ಇದ್ದದ್ದು ಕ್ರೋಮ್ ಬ್ರೌಸರಿನ ಗುರುತು. ಆ ಗುರುತಿನ ಪಕ್ಕ ಸಣ್ಣ ಅಕ್ಷರದಲ್ಲಿ, ಯಾರೂ ಕೇಳಿರದ ಒಂದು ವೆಬ್‌ಸೈಟಿನ ಹೆಸರು. ಅಲ್ಲಿಗೆ ರೋಗ ಗೊತ್ತಾಯಿತು. ಎಂದೋ ಭಜನೆಯ ಸಾಹಿತ್ಯ ಹುಡುಕುತ್ತಾ ಹೋದ ಒಂದು ಪುಟ, ಸೂಚನೆ ಕಳಿಸಲೇ ಎಂದು ಕೇಳಿದೆ. ಅವಳು `Allow` ಮುಟ್ಟಿದ್ದಾಳೆ. ಅಂದಿನಿಂದ ಆ ಪುಟಕ್ಕೆ ಅವಳ ಪರದೆಗೆ ಚೀಟಿ ಎಸೆಯುವ ಹಕ್ಕು ಸಿಕ್ಕಿದೆ. ವೈರಸ್ ಇಲ್ಲ, ವೈರಸ್ ಎಂದು ಬರೆದ ಚೀಟಿ ಇದೆ. ಚೀಟಿಯನ್ನು ಮುಟ್ಟಿ ಅದು ಹೇಳಿದ ಆ್ಯಪ್ ಹಾಕಿಕೊಂಡಾಗ ಮಾತ್ರ ನಿಜವಾದ ಅಪಾಯ.

ಸರಿಪಡಿಸಿದ್ದು ಅವಳೇ. ನಾನು ಮಾಡಿದ್ದು ಇಷ್ಟು: ನನ್ನ ಆಂಡ್ರಾಯ್ಡ್ ಫೋನಿನಲ್ಲಿ ಅದೇ ದಾರಿಯಲ್ಲಿ ಹೋಗುತ್ತಾ ಪ್ರತಿ ಹೆಜ್ಜೆಯ ಪಟ ತೆಗೆದೆ. ಕ್ರೋಮಿನ ಮೂರು ಚುಕ್ಕೆ, `Settings`, `Site settings`, `Notifications`, ನಾಲ್ಕು ಪಟ. ಒತ್ತಬೇಕಾದ ಜಾಗಕ್ಕೆ ಬೆರಳಿನಿಂದಲೇ ಕೆಂಪು ವೃತ್ತ ಬರೆದು, 1, 2, 3, 4 ಎಂದು ಸಂಖ್ಯೆ ಹಾಕಿ ಕಳಿಸಿದೆ. ಐದನೆಯ ಪಟ ಅವಳ ಕಡೆಯಿಂದ ಬರಬೇಕು, ಆ ವೆಬ್‌ಸೈಟಿನ ಹೆಸರು ಕಾಣುವ ಪಟ. ಬಂತು. ಅದರ ಮೇಲೇ ವೃತ್ತ ಬರೆದು ವಾಪಸು ಕಳಿಸಿದೆ. ಅನುಮತಿ ತೆಗೆದು ಆರನೆಯ ಪಟ ಅವಳೇ ಕಳಿಸಿದಳು. ಒಟ್ಟು ಹಿಡಿದದ್ದು ಅರ್ಧ ಗಂಟೆ. ನಾನೇ ಒಳಗೆ ಹೋಗಿ ಮಾಡಿದ್ದರೆ ಎರಡು ನಿಮಿಷ. ಆದರೆ ಆ ಆರು ಪಟಗಳು ಈಗಲೂ ಅವಳ ವಾಟ್ಸಾಪಿನಲ್ಲಿವೆ. ಎರಡು ತಿಂಗಳ ನಂತರ ಇನ್ನೊಂದು ವೆಬ್‌ಸೈಟು ಅದೇ ಚೇಷ್ಟೆ ಮಾಡಿದಾಗ ನನಗೆ ಬಂದದ್ದು ಮುಗಿದ ಕೆಲಸದ ಪಟ ಮಾತ್ರ. ಸಮಯ ಉಳಿಸುವ ಲೆಕ್ಕ ಹಾಕುವವರು ಈ ಎರಡನೆಯ ಸಲವನ್ನೂ ಸೇರಿಸಿ ಲೆಕ್ಕ ಹಾಕಲಿ.

ಪರದೆ ಪಟ ಎಲ್ಲ ಕಾಯಿಲೆಗೂ ಮದ್ದಲ್ಲ. ಎಲ್ಲಿ ಸೋಲುತ್ತದೆ ಎಂಬುದನ್ನೂ ಕಲಿಸಬೇಕು. ಬ್ಯಾಂಕಿನ ಆ್ಯಪ್‌ಗಳು, ಹಣ ಕಳಿಸುವಾಗ ಪಿನ್ ಕೇಳುವ ಪುಟಗಳು ಬಹುತೇಕ ಪಟ ತೆಗೆಯಲು ಬಿಡುವುದಿಲ್ಲ. ಆಗುವುದಿಲ್ಲ ಎಂಬ ಸೂಚನೆ ಬರುತ್ತದೆ, ಇಲ್ಲವೇ ಪಟ ಪೂರ್ತಿ ಕಪ್ಪಾಗಿರುತ್ತದೆ. ಟ್ಯಾಬ್ ಕೆಟ್ಟಿಲ್ಲ, ಆ್ಯಪ್ ಬೇಕೆಂದೇ ತಡೆದಿದೆ. ಇದನ್ನೇ ದೊಡ್ಡಮ್ಮನಿಗೆ ಒಂದು ನಿಯಮವಾಗಿ ಹೇಳಿದೆ: ಪಟ ತೆಗೆಯಲು ಬಿಡದ ಪುಟ ಯಾರಿಗೂ ತೋರಿಸಬಾರದ ಪುಟ, ನನಗೂ. ಆದರೆ ತಿರುಗಿಸಿ ಹೇಳಿದರೆ ಈ ನಿಯಮ ಸುಳ್ಳಾಗುತ್ತದೆ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿಯ ಪಟವನ್ನು ಟ್ಯಾಬ್ ಸಾಮಾನ್ಯವಾಗಿ ತಡೆಯುವುದಿಲ್ಲ, ವಂಚಕರು ಅದನ್ನೂ ಕೇಳುತ್ತಾರೆ. ಆದ್ದರಿಂದ ಎರಡನೆಯ ನಿಯಮ ಬೇಕೇ ಬೇಕು. ಪಟ ಹೋಗುವುದು ಪಿನ್ ಮಾಡಿದ ಎರಡು ಹೆಸರಿಗೆ ಮಾತ್ರ, ಅದೂ ತಾನಾಗಿ ತೋರಿಸಬೇಕೆನಿಸಿದಾಗ. ಫೋನು ಮಾಡಿ "ನಿಮ್ಮ ಪರದೆಯ ಪಟ ಕಳಿಸಿ" ಎಂದು ಯಾರಾದರೂ ಕೇಳಿದರೆ, ಬ್ಯಾಂಕಿನವರೆನ್ನಲಿ, ಪೊಲೀಸರೆನ್ನಲಿ, ಮಾತು ಅಲ್ಲಿಗೆ ಮುಗಿಯಬೇಕು.

ಇನ್ನೊಂದು ಮಿತಿ ಕೆಲವೊಮ್ಮೆ ಉಪಕಾರಕ್ಕೂ ಬರುತ್ತದೆ. ಪರದೆ ಪಟ ಎಂದರೆ ಟ್ಯಾಬಿನ ಒಳಗೆ ಸಿದ್ಧವಾದ ಚಿತ್ರ, ಗಾಜಿನ ಮೇಲೆ ಕಣ್ಣಿಗೆ ಕಾಣುವುದರ ಚಿತ್ರ ಅಲ್ಲ. ಪರದೆಯ ಮೇಲೆ ಹಸಿರು ಗೆರೆ ಬಂದಿದೆ, ಒಂದು ಮೂಲೆ ಕಪ್ಪಾಗಿದೆ ಎಂದು ಅವರು ಹೇಳುತ್ತಾರೆ, ಕಳಿಸಿದ ಪಟದಲ್ಲಿ ಗೆರೆಯೂ ಇಲ್ಲ, ಕಪ್ಪೂ ಇಲ್ಲ. ಅವರಿಗೆ ಭ್ರಮೆ ಎಂದುಕೊಳ್ಳಬೇಡಿ. ಒಳಗೆ ಎಲ್ಲ ಸರಿಯಿದೆ, ಕೆಟ್ಟಿರುವುದು ಪರದೆಯ ಫಲಕ, ರಿಪೇರಿ ಅಂಗಡಿಗೆ ಹೋಗಬೇಕು ಎಂದು ಆ ಸ್ವಚ್ಛ ಪಟವೇ ಹೇಳುತ್ತಿದೆ. ಅಂಥ ಹೊತ್ತಿನಲ್ಲಿ, ಮತ್ತು ಮುಟ್ಟಿದರೆ ಟ್ಯಾಬ್ ಮಿಸುಕದೆ ನಿಂತಾಗ, ಇನ್ನೊಂದು ಫೋನಿನಿಂದ ಟ್ಯಾಬಿನ ಫೋಟೊ ತೆಗೆಯುವುದೊಂದೇ ದಾರಿ. ಪರದೆಯ ಕೆಳಗೆ ಎರಡು ಮೂರು ಸೆಕೆಂಡು ಮಿಂಚಿ ಹೋಗುವ ಸಾಲುಗಳೂ ಪಟಕ್ಕೆ ಸಿಗುವುದು ಕಷ್ಟ. ಗುಂಡಿ ಹುಡುಕುವಷ್ಟರಲ್ಲಿ ಅವು ಇರುವುದಿಲ್ಲ. "ಅದು ಹೋಗಲಿ, ಯಾವ ಆ್ಯಪಿನಲ್ಲಿ ಇದ್ದೆ ಎಂಬುದರ ಪಟ ಸಾಕು" ಎಂದು ಮೊದಲೇ ಹೇಳಿಟ್ಟರೆ ಸಿಗದ್ದಕ್ಕೆ ಅವರು ಪೇಚಾಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ಕಲಿಸುತ್ತಾರೆ, ಒಂದು ತಿಂಗಳಲ್ಲಿ ಪಟ ಬರುವುದು ನಿಂತುಹೋಗುತ್ತದೆ, "ನೋಡಿ, ಮರೆತರು" ಎನ್ನುತ್ತಾರೆ. ಅವರ ಹಳೆಯ ಸಂದೇಶಗಳನ್ನು ತೆರೆದು ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಅಮ್ಮ ಬೆಳಿಗ್ಗೆ ಹತ್ತಕ್ಕೆ ಕಳಿಸಿದ ಪಟಕ್ಕೆ ಉತ್ತರ ರಾತ್ರಿ ಒಂಬತ್ತಕ್ಕೆ. ಆ ಉತ್ತರವೋ, "ಬ್ಯಾಕ್ ಒತ್ತಿ ಅಪ್‌ಡೇಟ್ ಸ್ಕಿಪ್ ಮಾಡು." ಅಥವಾ ಬರೀ ಹೆಬ್ಬೆರಳು. ಪಟ ಕಳಿಸುವುದು ಪ್ರಶ್ನೆ ಕೇಳಿದ ಹಾಗೆ. ಉತ್ತರ ಸಿಗದ ಕಡೆ ಯಾರೂ ಎರಡನೇ ಸಲ ಕೈ ಎತ್ತುವುದಿಲ್ಲ, ಇದು ಯಾವ ಟೀಚರನ್ನು ಕೇಳಿದರೂ ಹೇಳುತ್ತಾರೆ. ಕೂಡಲೇ ಬಿಡಿಸಲು ಆಗದಿದ್ದರೆ "ನೋಡಿದೆ, ಹೆದರಬೇಡ, ಸಂಜೆ ಫೋನ್ ಮಾಡ್ತೇನೆ, ಅಲ್ಲಿ ತನಕ ಏನೂ ಒತ್ತಬೇಡ" ಎಂದು ಬರೆಯಲು ಅರ್ಧ ನಿಮಿಷ ಬೇಕು. ಚಿತ್ರಕ್ಕೆ ಉತ್ತರ ಚಿತ್ರವೇ ಆಗಿರಲಿ. ಪದ ಇಲ್ಲ ಎಂದೇ ಅವರು ಚಿತ್ರ ಕಳಿಸಿದ್ದು, ಅದಕ್ಕೆ ಮತ್ತೆ ಪದದಲ್ಲೇ ಉತ್ತರ ಕೊಟ್ಟರೆ ಹೊರಟ ಜಾಗಕ್ಕೇ ಬಂದು ನಿಂತಂತೆ.

ದೊಡ್ಡಮ್ಮ ಈಗ ಪರದೆ ಪಟವನ್ನು ತೊಂದರೆ ತೋರಿಸಲು ಬಳಸುವುದಕ್ಕಿಂತ ಹೆಚ್ಚಾಗಿ ತನ್ನ ಕೆಲಸಕ್ಕೇ ಬಳಸುತ್ತಾಳೆ. ಗ್ಯಾಸ್ ಬುಕ್ ಮಾಡಿದಾಗ ಬರುವ ನಂಬರು, ಬಸ್ಸಿನ ಸಮಯ, ಮಗಳು ಹೇಳಿದ ಔಷಧದ ಹೆಸರು, ಯೂಟ್ಯೂಬಿನಲ್ಲಿ ಅರ್ಧ ನೋಡಿದ ಪ್ರಸಂಗ ಎಲ್ಲಿಗೆ ನಿಂತಿತ್ತು ಎಂಬುದು, ಎಲ್ಲದರ ಪಟ ಗ್ಯಾಲರಿಯಲ್ಲಿದೆ. ಇದ್ಯಾವುದನ್ನೂ ನಾನು ಹೇಳಿಕೊಟ್ಟಿಲ್ಲ. ತನ್ನ ಪರದೆಯ ಮೇಲೆ ತನಗೆ ಹಿಡಿತ ಇದೆ ಎಂದು ಗೊತ್ತಾದ ಮೇಲೆ ಉಳಿದದ್ದನ್ನು ಅವಳೇ ಹುಡುಕಿಕೊಂಡಳು.

"ಅವರಿಗೆ ಬರಲ್ಲ" ಎನ್ನುವವರನ್ನು ನಾನು ಕೇಳುವುದು ಇಷ್ಟೇ. ಎಷ್ಟು ದಿನ ಕಲಿಸಿದಿರಿ? ಯಾವ ಗುಂಡಿ ತೋರಿಸಿದಿರಿ? ಅವರು ಕೊನೆಗೆ ಕಳಿಸಿದ ಪಟಕ್ಕೆ ಎಷ್ಟು ಹೊತ್ತಿಗೆ ಏನೆಂದು ಉತ್ತರ ಕೊಟ್ಟಿರಿ? ಈ ಮೂರಕ್ಕೆ ಉತ್ತರ ಇಲ್ಲದಿದ್ದರೆ, ಕಲಿಸಲು ಬರದವರು ಯಾರು ಎಂಬುದು ತಾನಾಗಿ ತಿಳಿಯುತ್ತದೆ.